ಯಾವ ದೇಶದ ರೇಡಿಯೋ? ಗುರುತು ಹಿಡಿಯುವುದು ಹೇಗೆ?



ನಮ್ಮ ಕೇಣಿಯ ಎಷ್ಟೋ ಮನೆಗಳ ಅಟ್ಟದ ಮೇಲೆ ಇಂದಿಗೂ ಒಂದು ಹಳೇ ಟ್ರಾನ್ಸಿಸ್ಟರ್ ಇದೆ. ಅದರ ಮೇಲೆ ಎಂ.ಡಬ್ಲ್ಯೂ., ಎಸ್.ಡಬ್ಲ್ಯೂ. ಎಂದು ಬರೆದ ಗುಂಡಿ ಇರ್ತದೆ. ಎಂ.ಡಬ್ಲ್ಯೂ. ಅಂದರೆ ಮಧ್ಯಮ ತರಂಗ. ಅದರಲ್ಲಿ ಧಾರವಾಡ ಬರುವುದು ಎಲ್ಲರಿಗೂ ಗೊತ್ತು. ಎಸ್.ಡಬ್ಲ್ಯೂ. ಅಂದರೆ ಕಿರುತರಂಗ, ಶಾರ್ಟ್‌ವೇವ್. ರಾತ್ರಿ ಹೊತ್ತು ಆ ಕಡೆ ಗುಂಡಿ ತಿರುಗಿಸಿ ನಿಧಾನವಾಗಿ ಮುಳ್ಳು ಸರಿಸಿದರೆ ಸಮುದ್ರದ ಮೊರೆತದಂಥ ಸದ್ದಿನ ನಡುವೆ ಒಂದೊಂದೇ ದನಿ ಏಳ್ತದೆ. ಒಬ್ಬರು ಅರಬ್ಬಿಯಲ್ಲಿ ಮಾತಾಡ್ತಾರೆ, ಒಬ್ಬರು ಚೀನೀಯಲ್ಲಿ, ಮತ್ತೊಬ್ಬರು ನಮಗೆ ಅರ್ಥ ಆಗುವ ಹಿಂದಿಯಲ್ಲಿ. ಮುಳ್ಳಿನ ಕೆಳಗೆ ಬರೀ ಅಂಕಿಗಳು ಇರ್ತವೆ, ದೇಶದ ಹೆಸರು ಇರುವುದಿಲ್ಲ. ಹಾಗಾದರೆ ಮಾತಾಡ್ತಾ ಇರುವ ದೇಶ ಯಾವುದು ಎಂದು ತಿಳಿಯುವುದು ಹೇಗೆ?

ತಿಳಿಯುವ ಅಗತ್ಯವಾದರೂ ಏನು ಎಂದು ಕೆಲವರು ಕೇಳಬಹುದು. ಎರಡು ಉದಾಹರಣೆ ಕೊಡ್ತೇನೆ. 1971ರ ಯುದ್ಧದ ದಿನಗಳಲ್ಲಿ ಒಂದೇ ಕಾಳಗದ ಸುದ್ದಿಯನ್ನು ಆಕಾಶವಾಣಿ ಒಂದು ರೀತಿ, ರೇಡಿಯೋ ಪಾಕಿಸ್ತಾನ ಇನ್ನೊಂದು ರೀತಿ ಹೇಳ್ತಿದ್ದವು. ಎರಡರ ಭಾಷೆಯೂ ಕೇಳುವವನಿಗೆ ಹೆಚ್ಚುಕಡಿಮೆ ಒಂದೇ. ಹೇಳುವವರು ಯಾರು ಎಂದು ತಿಳಿಯದೆ ಆ ಸುದ್ದಿಯನ್ನು ತೂಗುವುದು ಆಗ್ತಿರಲಿಲ್ಲ. ಇನ್ನೊಂದು, 1984ರ ಅಕ್ಟೋಬರ್ 31. ಇಂದಿರಾ ಗಾಂಧಿಯವರು ತೀರಿಕೊಂಡ ಸುದ್ದಿಯನ್ನು ಆಕಾಶವಾಣಿ ಸಂಜೆ ಹೇಳಿತು. ಅದಕ್ಕೂ ಗಂಟೆಗಳ ಮುಂಚೆ ಬಿ.ಬಿ.ಸಿ. ಹೇಳಿತ್ತು. ಆ ಮಧ್ಯಾಹ್ನ ಕಿರುತರಂಗದಲ್ಲಿ ಅದನ್ನು ಕೇಳಿದವನ ಮುಂದೆ ಇದ್ದ ಪ್ರಶ್ನೆ ಒಂದೇ: ಹೀಗೆ ಹೇಳ್ತಾ ಇರುವುದು ನಿಜವಾಗಿ ಬಿ.ಬಿ.ಸಿ.ಯೋ, ಬೇರೆ ಯಾರೋ? ನಮ್ಮ ಕಡೆ ದೋಣಿಯವರಿಗೂ ಇದು ಬೇಕಾದ ವಿಷಯವೇ. ಬಿರುಗಾಳಿ ಸುದ್ದಿ ಕಿವಿಗೆ ಬಿದ್ದರೆ ಅದು ಯಾವ ದೇಶದ್ದು, ಯಾವ ಕಡಲಿನದ್ದು ಎಂದು ತಿಳಿಯದೆ ಏನು ಮಾಡಲಿಕ್ಕೂ ಬರುವುದಿಲ್ಲ.

ಗುರುತು ಹಿಡಿಯಲು ಮೂರು ಸುಳಿವುಗಳಿವೆ: ಭಾಷೆ, ಗುರುತಿನ ರಾಗ, ನಿಲಯದ ಹೆಸರು. ಮೂರಕ್ಕೂ ಅದರದರ ಮಿತಿ ಇದೆ. ಒಂದೊಂದಾಗಿ ನೋಡೋಣ.

ಮೊದಲು: ಯಾವಾಗ ಕೂರಬೇಕು?

ಕಾರ್ಯಕ್ರಮದ ನಡುವೆ ಸಿಕ್ಕಿದ ನಿಲಯವನ್ನು ಗುರುತಿಸುವುದು ಕಷ್ಟ. ಅರ್ಧ ಗಂಟೆ ಹಾಡು, ಭಾಷಣ ನಡೀತಾ ಇದ್ದರೆ ಹೆಸರು ಒಮ್ಮೆಯೂ ಬರದೆ ಇರಬಹುದು. ನಿಲಯ ತನ್ನ ಹೆಸರು ಹೇಳುವುದು ಪ್ರಸಾರ ಶುರುವಾಗುವಾಗ ಮತ್ತು ಮುಗಿಯುವಾಗ. ಅದಕ್ಕೇ ಸಮಯ ನೋಡಿ ಕೂರಬೇಕು.

ವಿದೇಶ ಪ್ರಸಾರದವರು ತಮ್ಮ ವೇಳೆಯನ್ನು ಗ್ರೀನ್‌ವಿಚ್ ಗಡಿಯಾರಕ್ಕೆ ಹೊಂದಿಸಿ ಇಟ್ಟುಕೊಳ್ತಾರೆ. ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಅಲ್ಲಿ ಸರಿಯಾಗಿ 14 ಗಂಟೆ ಆದಾಗ ನಮ್ಮಲ್ಲಿ ಸಂಜೆ 7:30. ಆದ್ದರಿಂದ ಜಗತ್ತಿನ ನಿಲಯಗಳಿಗೆ 'ಗಂಟೆ ಹೊಡೆಯುವ' ಹೊತ್ತು ನಮಗೆ ಅರ್ಧಕ್ಕೆ ಬರ್ತದೆ. 6:30, 7:30, 8:30 ಹೀಗೆ. ಬಿ.ಬಿ.ಸಿ. ಹಿಂದಿಯ ಸಂಜೆಯ ಪ್ರಸಾರ 7:30ಕ್ಕೆ ಇದ್ದದ್ದು ಇದೇ ಲೆಕ್ಕದಿಂದ. ಕೆಲವು ಪ್ರಸಾರಗಳು ಗ್ರೀನ್‌ವಿಚ್ಚಿನ ಅರ್ಧ ಗಂಟೆಗೆ ಶುರುವಾಗ್ತವೆ, ಅವು ನಮಗೆ 7, 8 ಗಂಟೆಗೆ ಸರಿಯಾಗಿ ಬರ್ತವೆ. ಒಟ್ಟಿನಲ್ಲಿ ಈ ಹೊತ್ತುಗಳಿಗೆ ಐದು ನಿಮಿಷ ಮೊದಲೇ ಮುಳ್ಳನ್ನು ಒಂದು ಕಡೆ ನಿಲ್ಲಿಸಿ ಕಾಯಬೇಕು. ಸುಮ್ಮನೆ ತಿರುಗಿಸ್ತಾ ಇದ್ದರೆ ಬೇಕಾದದ್ದೇ ತಪ್ಪಿಹೋಗ್ತದೆ.

ಗುರುತಿನ ರಾಗ

ಶಾಲೆ ಶುರುವಾಗುವ ಮುಂಚೆ ಗಂಟೆ ಹೊಡೀತಾರಲ್ಲ, ಹಾಗೆ ರೇಡಿಯೋ ನಿಲಯಕ್ಕೂ ಒಂದು ಗಂಟೆ ಇದೆ. ಇದನ್ನು ಇಂಟರ್ವಲ್ ಸಿಗ್ನಲ್ ಎನ್ನುತ್ತಾರೆ. ನಾವು ಗುರುತಿನ ರಾಗ ಎನ್ನೋಣ. ಕಾರ್ಯಕ್ರಮ ಶುರುವಾಗುವ ಮುಂಚೆಯೇ ಪ್ರಸಾರ ಯಂತ್ರವನ್ನು ಹಚ್ಚಿಟ್ಟು, ಒಂದು ಚಿಕ್ಕ ರಾಗವನ್ನು ಮತ್ತೆ ಮತ್ತೆ ನುಡಿಸ್ತಾರೆ. ಸಾವಿರಾರು ಕಿಲೋಮೀಟರ್ ದೂರದಲ್ಲಿ ಕೂತವನು ಆ ರಾಗ ಹಿಡಿದು ಮುಳ್ಳನ್ನು ಸರಿಯಾದ ಜಾಗಕ್ಕೆ ತರಬೇಕು, ಅದಕ್ಕಾಗಿ. ಕಿರುತರಂಗದ ದನಿ ಒಮ್ಮೆ ಏರ್ತದೆ, ಒಮ್ಮೆ ಇಳೀತದೆ. ಆದ್ದರಿಂದ ಒಂದೇ ಸಲ ನುಡಿಸಿದರೆ ಸಾಲದು. ಒಂದೆರಡು ನಿಮಿಷ ಬಿಡದೆ ನುಡಿಸಿದರೆ ಎಲ್ಲೋ ಒಂದು ಕಡೆ ಸ್ಪಷ್ಟವಾಗಿ ಕಿವಿಗೆ ಬಿದ್ದೇ ಬೀಳ್ತದೆ.

ನಮಗೆಲ್ಲ ಗೊತ್ತಿರುವ ಗುರುತಿನ ರಾಗ ಆಕಾಶವಾಣಿಯದು. ತಂಬೂರಿಯ ಶ್ರುತಿಯ ಮೇಲೆ ಪಿಟೀಲು ನುಡಿಯುವ ಆ ರಾಗವನ್ನು 1936ರಲ್ಲಿ ರಚಿಸಿದವರು ವಾಲ್ಟರ್ ಕೌಫ್‌ಮನ್ ಎಂದು ಸಾಮಾನ್ಯವಾಗಿ ಹೇಳ್ತಾರೆ. ಅವರು ಯುರೋಪಿನಿಂದ 1934ರಲ್ಲಿ ಮುಂಬಯಿಗೆ ಬಂದ ಯಹೂದಿ ಸಂಗೀತಗಾರ. ರಾಗ ಮಾತ್ರ ನಮ್ಮ ಶಿವರಂಜನಿಯ ನೆರಳಿನದು. ಇಲ್ಲಿ ಒಂದು ವಿಷಯ ನೆನಪಿಡಿ. ರಾಗ ಮಾಡಿದವರ ದೇಶ ಯಾವುದು ಎಂಬುದು ಮುಖ್ಯ ಅಲ್ಲ. ಅದನ್ನು ತನ್ನ ಗುರುತಾಗಿ ಇಟ್ಟುಕೊಂಡ ನಿಲಯ ಯಾವುದು ಎಂಬುದೇ ಮುಖ್ಯ.

ಬೇರೆ ದೇಶದವರು ತಮ್ಮ ಜನ ಕೂಡಲೇ ಗುರುತಿಸುವ ಸದ್ದನ್ನು ಆರಿಸಿಕೊಂಡರು. ಬಿ.ಬಿ.ಸಿ.ಯ ಇಂಗ್ಲಿಷ್ ವಿದೇಶ ಪ್ರಸಾರಕ್ಕೆ ಲಂಡನ್ನಿನ ಬೋ ಇಗರ್ಜಿಯ ಗಂಟೆಗಳ ಸದ್ದು. ರೇಡಿಯೋ ಮಾಸ್ಕೋ ಇಂಗ್ಲಿಷ್ ಪ್ರಸಾರದಲ್ಲಿ 'ಮಾಸ್ಕೋದ ಸಂಜೆಗಳು' ಎಂಬ ಹಾಡಿನ ಧಾಟಿ ನುಡಿಸ್ತಿತ್ತು. ರೇಡಿಯೋ ಆಸ್ಟ್ರೇಲಿಯಾ ತನ್ನ ದೇಶದ ಕುಕಬರಾ ಎಂಬ ಹಕ್ಕಿಯ ಕೂಗನ್ನು ಕೇಳಿಸ್ತಿತ್ತು. ಆ ಹಕ್ಕಿ ಮನುಷ್ಯ ಗಹಗಹಿಸಿ ನಕ್ಕ ಹಾಗೆ ಕೂಗ್ತದೆ. ವಾಯ್ಸ್ ಆಫ್ ಅಮೇರಿಕಾ 'ಯಾಂಕೀ ಡೂಡಲ್' ಧಾಟಿಯನ್ನು ವಾದ್ಯಮೇಳದಲ್ಲಿ ಬಾರಿಸ್ತಿತ್ತು.

ಧಾಟಿ ನೆನಪಿಡುವುದು ಹೇಗೆ? ಸಂಗೀತ ಬಾರದವರಿಗೂ ಬರುವ ಒಂದು ಉಪಾಯ ಇದೆ. ಪ್ರತಿ ಸ್ವರ ಹಿಂದಿನದಕ್ಕಿಂತ ಮೇಲೆ ಹೋಯಿತೇ, ಕೆಳಗೆ ಬಂತೇ, ಅಲ್ಲೇ ನಿಂತಿತೇ ಎಂದಷ್ಟೇ ಬರೆಯಿರಿ. ಯಾಂಕೀ ಡೂಡಲ್ ಧಾಟಿಯ ಮೊದಲ ಏಳು ಸ್ವರಗಳು ನಮ್ಮ ಲೆಕ್ಕದಲ್ಲಿ ಸ ಸ ರಿ ಗ ಸ ಗ ರಿ. ಸರಿಗಮ ಗೊತ್ತಿಲ್ಲದವನು ಅದನ್ನೇ ಹೀಗೆ ಬರೀಬಹುದು: ನಿಂತಿತು, ಮೇಲೆ, ಮೇಲೆ, ಕೆಳಗೆ, ಮೇಲೆ, ಕೆಳಗೆ. ಇದರ ಪಕ್ಕದಲ್ಲಿ ವಾದ್ಯ ಯಾವುದು (ಗಂಟೆಯೋ, ಪಿಟೀಲೋ, ಕಹಳೆಯೋ), ಎರಡು ಸಲದ ನಡುವೆ ಎಷ್ಟು ಬಿಡುವು ಎಂದು ಬರೆದರೆ ಆಯ್ತು. ಮಾರನೇ ದಿನ ಅದೇ ರಾಗ ಬಂದರೆ ಈ ಚೀಟಿ ನೋಡಿ ಹೌದೋ ಅಲ್ಲವೋ ಹೇಳಬಹುದು. 'ಚಂದ ಇತ್ತು, ಟಿಣ್ ಟಿಣ್ ಅಂತಿತ್ತು' ಎಂದು ಬರೆದಿಟ್ಟರೆ ಎರಡು ದಿನದಲ್ಲಿ ನಮಗೇ ಅರ್ಥ ಆಗುವುದಿಲ್ಲ.

ಗುರುತಿನ ರಾಗಕ್ಕೆ ಒಂದು ಮಿತಿ ಇದೆ. ನಿಲಯಗಳು ಅದನ್ನು ಬದಲಿಸ್ತವೆ. ರೇಡಿಯೋ ಮಾಸ್ಕೋ 1993ರಲ್ಲಿ 'ವಾಯ್ಸ್ ಆಫ್ ರಷ್ಯಾ' ಆದಾಗ ರಾಗವೂ ಬೇರೆ ಆಯಿತು. ಮುಸೋರ್ಗ್‌ಸ್ಕಿ ಎಂಬ ರಷ್ಯಾದ ಸಂಗೀತಗಾರನ ಗಂಭೀರ ರಚನೆಯೊಂದನ್ನು ಆರಿಸಿದರು. ಹಳೇ ಧ್ವನಿಮುದ್ರಿಕೆ ಕೇಳುವವರಿಗೆ ಇದೇ ಒಂದು ಸುಳಿವು ಕೂಡ. 'ಮಾಸ್ಕೋದ ಸಂಜೆಗಳು' ಬಂದರೆ ಅದು ಹೆಸರು ಬದಲಾಗುವ ಮುಂಚಿನ ಮುದ್ರಿಕೆ ಇರಬೇಕು.

ನಿಲಯದ ಹೆಸರು

ರಾಗ ನಿಂತ ಕೂಡಲೇ ಒಬ್ಬರು ಹೆಸರು ಹೇಳ್ತಾರೆ. ಭಾಷೆ ಬಾರದಿದ್ದರೂ ಇದನ್ನು ಹಿಡೀಬಹುದು. ಯಾಕೆಂದರೆ ಎಲ್ಲ ಭಾಷೆಯಲ್ಲೂ ಈ ವಾಕ್ಯದ ಜೋಡಣೆ ಹೆಚ್ಚುಕಡಿಮೆ ಒಂದೇ. 'ಇದು' ಅಥವಾ 'ಇಲ್ಲಿ' ಎಂಬ ಅರ್ಥದ ಒಂದು ಮಾತು, ಅದರ ಹತ್ತಿರವೇ ಊರಿನ ಅಥವಾ ದೇಶದ ಹೆಸರು. ಆ ಒಂದು ಮಾತನ್ನು ಕಲಿತರೆ ಮುಂದೆ ಬರುವುದು ಹೆಸರು ಎಂದು ತಿಳೀತದೆ.

ಹಿಂದಿಯಲ್ಲಿ 'ಯೇ ಆಕಾಶವಾಣಿ ಹೈ' ಎಂದು ಕೇಳಿದ್ದೇವೆ. ನೇಪಾಳಿಯಲ್ಲಿ ಅದೇ ವಾಕ್ಯ 'ಯೋ ರೇಡಿಯೋ ನೇಪಾಲ್ ಹೋ' ಆಗ್ತದೆ. 'ಹೈ' ಎನ್ನುವಲ್ಲಿ 'ಹೋ', 'ಯೇ' ಎನ್ನುವಲ್ಲಿ 'ಯೋ'. ಅರಬ್ಬಿಯಲ್ಲಿ 'ಹುನಾ' ಅಂದರೆ 'ಇಲ್ಲಿ'. 'ಹುನಾ ಲಂಡನ್' ಎಂದರೆ ಬಿ.ಬಿ.ಸಿ.ಯ ಅರಬ್ಬಿ ಪ್ರಸಾರ, ಅದು 2023ರ ಜನವರಿವರೆಗೆ ಇತ್ತು. 'ಹುನಾ ಅಲ್ ಕಾಹಿರಾ' ಎಂದರೆ ಕೈರೋ. ಫಾರ್ಸಿಯಲ್ಲಿ 'ಈಂಜಾ' ಅಂದರೆ 'ಇಲ್ಲಿ'. 'ಈಂಜಾ ತೆಹ್ರಾನ್ ಅಸ್ತ್' ಎಂದರೆ ಇರಾನ್. ರಷ್ಯದವರು ಸ್ವಲ್ಪ ಬೇರೆ, ಅವರು 'ಗವರೀತ್ ಮಸ್ಕ್ವಾ' ಎನ್ನುತ್ತಿದ್ದರು. ಅಂದರೆ 'ಮಾಸ್ಕೋ ಮಾತಾಡುತ್ತದೆ'.

ಇಲ್ಲಿ ಎಡವುವುದು ಒಂದು ಕಡೆ. ಭೂಗೋಳದ ಪುಸ್ತಕದಲ್ಲಿ ನಾವು ಓದಿದ ಹೆಸರು ಬೇರೆ, ಆ ದೇಶದವರು ತಮ್ಮನ್ನು ಕರೆದುಕೊಳ್ಳುವ ಹೆಸರು ಬೇರೆ. ನಾವು ಕೈರೋ ಎಂದು ಕಿವಿ ಕೊಟ್ಟು ಕೂತರೆ 'ಕಾಹಿರಾ' ಎಂಬುದು ಹಾಗೇ ದಾಟಿಹೋಗ್ತದೆ. ಚೀನಾದವರು ತಮ್ಮ ದೇಶವನ್ನು ಚೀನಾ ಎನ್ನುವುದೇ ಇಲ್ಲ, 'ಜೊಂಗ್‌ಗ್ವೊ' ಎನ್ನುತ್ತಾರೆ. ಅವರ ವಿದೇಶ ಪ್ರಸಾರದ ಹೆಸರು ಚೀನೀಯಲ್ಲಿ ಆ ಮಾತಿನಿಂದಲೇ ಶುರುವಾಗ್ತದೆ. ಜಪಾನಿನವರು 'ನಿಪ್ಪೋನ್' ಅಥವಾ 'ನಿಹೋನ್', ಅರಬ್ಬಿಯಲ್ಲಿ ಈಜಿಪ್ಟ್ 'ಮಿಸ್ರ್'. ಆದ್ದರಿಂದ ಭೂಪಟದ ಪಕ್ಕದಲ್ಲಿ ದೇಶಗಳ ಸ್ವಂತ ಹೆಸರನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೇದು.

ಭಾಷೆ ಹೇಳುವುದೇನು, ಹೇಳದೆ ಇರುವುದೇನು

ಎಲ್ಲರೂ ಮೊದಲು ನೋಡುವುದು ಭಾಷೆಯನ್ನು. ಆದರೆ ಮೂರು ಸುಳಿವುಗಳಲ್ಲಿ ಹೆಚ್ಚು ಮೋಸ ಮಾಡುವುದೂ ಅದೇ. ಭಾಷೆ ಹೇಳುವುದು ಪ್ರಸಾರ ಯಾರಿಗಾಗಿ ಎಂದು. ಯಾರಿಂದ ಎಂದು ಅಲ್ಲ. ಲಂಡನ್, ವಾಷಿಂಗ್ಟನ್, ಮಾಸ್ಕೋ, ಬೀಜಿಂಗ್, ಟೋಕಿಯೋ, ತೆಹ್ರಾನ್, ಕೊಲಂಬೊ, ವ್ಯಾಟಿಕನ್, ಇಷ್ಟೂ ಕಡೆಯವರು ಕಿರುತರಂಗದಲ್ಲಿ ಹಿಂದಿ ಪ್ರಸಾರ ಮಾಡಿದ್ದಾರೆ. ಹಿಂದಿ ಕೇಳಿದ ಕೂಡಲೇ ದೆಹಲಿ ಅನ್ನುವ ಹಾಗಿಲ್ಲ.

ಕನ್ನಡಕ್ಕೂ ಇದೇ ಮಾತು. ಸೋವಿಯತ್ ಕಾಲದಲ್ಲಿ ರೇಡಿಯೋ ಮಾಸ್ಕೋ ಕನ್ನಡದಲ್ಲಿ ಪ್ರಸಾರ ಮಾಡ್ತಿತ್ತು. ಫೀಬಾ ಎಂಬ ಕ್ರೈಸ್ತ ಸಂಸ್ಥೆ 1970ರಿಂದ 2003ರವರೆಗೆ ಸೇಶೆಲ್ಸ್ ದ್ವೀಪದಲ್ಲಿ ಪ್ರಸಾರ ಕೇಂದ್ರ ಇಟ್ಟುಕೊಂಡಿತ್ತು, ಅಲ್ಲಿಂದ ಕನ್ನಡವೂ ಬರ್ತಿತ್ತು. ಭೂಪಟ ತೆಗೆದು ನೋಡಿ. ಕೇಣಿಯ ದಂಡೆಯಲ್ಲಿ ನಿಂತು ನೈಋತ್ಯಕ್ಕೆ ಗೆರೆ ಎಳೆದರೆ ಸುಮಾರು 3000 ಕಿಲೋಮೀಟರ್ ನೀರಿನ ಆಚೆ ಸೇಶೆಲ್ಸ್ ಇದೆ. ನಮ್ಮ ಭಾಷೆ ಅಷ್ಟು ದೂರದಿಂದ ಕಡಲು ದಾಟಿ ಬರ್ತಿತ್ತು. ಕನ್ನಡ ಕೇಳಿ 'ಇದು ಧಾರವಾಡ' ಅಂದವನ ಉತ್ತರ ಆಗ ಪೂರ್ತಿ ತಪ್ಪಾಗ್ತಿತ್ತು.

ಒಂದೇ ಭಾಷೆ ಎರಡು ದೇಶದಲ್ಲಿ ಇದ್ದರೆ ಇನ್ನೂ ಕಷ್ಟ. ಉರ್ದು ನಮ್ಮಲ್ಲೂ ಇದೆ, ಪಾಕಿಸ್ತಾನದಲ್ಲೂ ಇದೆ. ತಮಿಳು ಚೆನ್ನೈಯಲ್ಲೂ ಇದೆ, ಕೊಲಂಬೊದಲ್ಲೂ ಇದೆ. ಇಂಥಲ್ಲಿ ಒಂದು ಸುಲಭದ ಉಪಾಯ: ಅವರು ಹೇಳುವ ಸಮಯವನ್ನು ನಮ್ಮ ಗಡಿಯಾರಕ್ಕೆ ಹೋಲಿಸಿ. ಪಾಕಿಸ್ತಾನದ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ಬಾಂಗ್ಲಾದೇಶದ್ದು ಅರ್ಧ ಗಂಟೆ ಮುಂದೆ. ನೇಪಾಳದ್ದು 1986ರಿಂದ ಕಾಲು ಗಂಟೆ ಮುಂದೆ. ನಮ್ಮಲ್ಲಿ 7:45 ಆದಾಗ ರೇಡಿಯೋದವನು ಎಂಟು ಗಂಟೆ ಎಂದರೆ ಅದು ಕಠ್ಮಂಡು ಎನ್ನಲು ಬೇರೆ ಸಾಕ್ಷಿ ಹೆಚ್ಚು ಬೇಡ, ಯಾಕೆಂದರೆ ನಮಗಿಂತ ಕಾಲು ಗಂಟೆ ಮುಂದಿರುವ ದೇಶ ಬೇರೆ ಇಲ್ಲ.

ಈ ಉಪಾಯಕ್ಕೂ ಮಿತಿ ಉಂಟು. ಶ್ರೀಲಂಕಾ 2006ರಿಂದ ನಮ್ಮದೇ ಸಮಯ ಇಟ್ಟುಕೊಂಡಿದೆ, ಆದ್ದರಿಂದ ತಮಿಳಿನ ವಿಷಯದಲ್ಲಿ ಗಡಿಯಾರ ಏನೂ ಹೇಳುವುದಿಲ್ಲ. ಇನ್ನು ದೂರದ ನಿಲಯದವರು ಭಾರತಕ್ಕೆಂದೇ ಪ್ರಸಾರ ಮಾಡುವಾಗ ಭಾರತದ ಸಮಯವನ್ನೇ ಹೇಳಬಹುದು. ತನ್ನ ದೇಶದ ಜನರಿಗಾಗಿ ಮಾಡುವ ಪ್ರಸಾರದಲ್ಲಿ ಮಾತ್ರ ಗಡಿಯಾರದ ಸುಳಿವನ್ನು ನಂಬಬೇಕು.

ಒಂದು ಉದಾಹರಣೆ ಪೂರ್ತಿ ಬಿಡಿಸೋಣ

1990ರ ಸುಮಾರಿನ ಒಂದು ರಾತ್ರಿ ಎಂದು ಇಟ್ಟುಕೊಳ್ಳಿ. ಮುಳ್ಳು 31 ಮೀಟರ್ ಪಟ್ಟಿಯಲ್ಲಿದೆ. ಮೀಟರನ್ನು ಮೆಗಾಹರ್ಟ್ಸ್ ಮಾಡಬೇಕಾದರೆ 300ನ್ನು ಅದರಿಂದ ಭಾಗಿಸಿ. 300ನ್ನು 31ರಿಂದ ಭಾಗಿಸಿದರೆ ಸುಮಾರು 9.7 ಬರ್ತದೆ. ಹೊಸ ರೇಡಿಯೋಗಳಲ್ಲಿ ಮೀಟರ್ ಬದಲು ಈ ಅಂಕಿ ಇರ್ತದೆ. ಮೊದಲು ಸಮಯ ಮತ್ತು ಈ ಅಂಕಿಯನ್ನು ಬರೆದುಕೊಂಡೆವು.

ಒಂದು ರಾಗ ಬರ್ತಾ ಇದೆ. ಚಿಕ್ಕ ಚಿಕ್ಕ ಗಂಟೆ ತಟ್ಟಿದ ಹಾಗಿನ ಮೃದುವಾದ ಸದ್ದು. ಪಿಟೀಲು ಅಲ್ಲ, ತಂಬೂರಿ ಇಲ್ಲ. ಆಕಾಶವಾಣಿ ಅಲ್ಲ ಎಂದು ಇಲ್ಲೇ ತೀರ್ಮಾನ ಆಯ್ತು. ದೊಡ್ಡ ಇಗರ್ಜಿ ಗಂಟೆಯ ಗದ್ದಲವೂ ಅಲ್ಲ, ಹಾಗಾಗಿ ಬಿ.ಬಿ.ಸಿ.ಯ ಬೋ ಗಂಟೆಗಳೂ ಅಲ್ಲ. ಈ ಸದ್ದು ಸೆಲೆಸ್ಟಾ ಎಂಬ ವಾದ್ಯದ್ದು. ಹಾರ್ಮೋನಿಯಂ ಹಾಗೆ ಮನೆ ಒತ್ತಿ ನುಡಿಸುವಂಥದ್ದು, ಆದರೆ ಒಳಗೆ ಸುತ್ತಿಗೆಗಳು ಲೋಹದ ಪಟ್ಟಿಗಳನ್ನು ತಟ್ಟುತ್ತವೆ. ಧಾಟಿ ಬೇಥೋವನ್ ಬರೆದ 'ಫಿಡೇಲಿಯೊ' ಎಂಬ ಸಂಗೀತ ನಾಟಕದ್ದು. ಬೇಥೋವನ್ ಜರ್ಮನಿಯ ಬಾನ್ ಊರಿನಲ್ಲಿ ಹುಟ್ಟಿದವನು. ಇದನ್ನು ಗುರುತಿಗೆ ಇಟ್ಟುಕೊಂಡ ನಿಲಯ ಜರ್ಮನಿಯ ಡಾಯ್ಚೆ ವೆಲೆ. ಆ ಹೆಸರಿನ ಅರ್ಥ 'ಜರ್ಮನ್ ತರಂಗ'. ಆದರೆ ರಾಗವೊಂದರಿಂದಲೇ ಉತ್ತರ ಬರೆಯಬಾರದು. ಬೇಥೋವನ್ ಸಂಗೀತವನ್ನು ಯಾವ ನಿಲಯವೂ ಕಾರ್ಯಕ್ರಮದಲ್ಲಿ ಹಾಕಬಹುದಲ್ಲ? ಅದೇ ತುಣುಕು ಅದೇ ವಾದ್ಯದಲ್ಲಿ ಮತ್ತೆ ಮತ್ತೆ ಬಂದರೆ ಮಾತ್ರ ಅದು ಗುರುತಿನ ರಾಗ.

ರಾಗ ನಿಂತಿತು. ಹಿಂದಿಯಲ್ಲಿ ಮಾತು ಶುರುವಾಯಿತು. ಭಾಷೆಯಿಂದ ತಿಳಿದದ್ದು: ಈ ಪ್ರಸಾರ ನಮ್ಮ ಕಡೆಯವರಿಗಾಗಿ. ಅಷ್ಟೇ. ಆಮೇಲೆ 'ಡಾಯ್ಚೆ ವೆಲೆ' ಎಂಬ ಹೆಸರು ಬಂತು, ಕೋಲೋನ್ ಎಂಬ ಊರಿನ ಹೆಸರೂ ಬಂತು. ಡಾಯ್ಚೆ ವೆಲೆಯ ರೇಡಿಯೋ ಕಚೇರಿ 2003ರಲ್ಲಿ ಬಾನ್‌ಗೆ ಹೋಗುವವರೆಗೆ ಕೋಲೋನ್‌ನಲ್ಲೇ ಇತ್ತು. ರಾಗ ಹೇಳಿದ್ದು, ಹೆಸರು ಹೇಳಿದ್ದು ಎರಡೂ ಕೂಡಿದವು. ಈಗ ಪಟ್ಟಿಯಲ್ಲಿ ಜರ್ಮನಿ ಎಂದು ಬರೀಬಹುದು.

ಆದರೆ ಇಷ್ಟಕ್ಕೇ ಮುಗಿಯಲಿಲ್ಲ. ಕೋಲೋನ್ ಎಲ್ಲಿ, ಕೇಣಿ ಎಲ್ಲಿ? ಅಷ್ಟು ದೂರದ ದನಿ ಪಕ್ಕದ ಮನೆಯ ಹಾಗೆ ಗಟ್ಟಿಯಾಗಿ ಕೇಳ್ತದಲ್ಲ, ಹೇಗೆ? ದಕ್ಷಿಣ ಏಷ್ಯಾದ ಕೇಳುಗರಿಗಾಗಿ ಡಾಯ್ಚೆ ವೆಲೆ ಶ್ರೀಲಂಕಾದ ಟ್ರಿಂಕೋಮಲಿಯಲ್ಲಿ ಮರುಪ್ರಸಾರ ಕೇಂದ್ರ ಇಟ್ಟಿತ್ತು. ಕಾರ್ಯಕ್ರಮವನ್ನು ಜರ್ಮನಿಯಲ್ಲಿ ತಯಾರಿಸಿ ಅಲ್ಲಿಗೆ ಕಳಿಸಿ ಅಲ್ಲಿಂದ ಗಾಳಿಗೆ ಬಿಡಬಹುದಿತ್ತು. ಹಾಗೆ ಬಂದಾಗ ಒಂದೇ ಪ್ರಸಾರಕ್ಕೆ ಮೂರು ಊರು ಆದ ಹಾಗಾಯ್ತು. ಭಾಷೆ ಭಾರತದ್ದು, ನಿಲಯ ಜರ್ಮನಿಯದು, ಯಂತ್ರ ಶ್ರೀಲಂಕಾದಲ್ಲಿ. 'ಯಾವ ದೇಶದ ರೇಡಿಯೋ' ಎಂದು ಕೇಳಿದಾಗ ನಾವು ಹೇಳಬೇಕಾದದ್ದು ನಿಲಯದ ದೇಶ. ಯಾಕೆಂದರೆ ಮಾತಿಗೆ ಹೊಣೆ ಅವರು. ಯಂತ್ರ ಎಲ್ಲಿದೆ ಎಂಬುದನ್ನು ರಾಗವೂ ಭಾಷೆಯೂ ಹೇಳುವುದಿಲ್ಲ. ನಿಲಯದವರು ಪ್ರಕಟಿಸಿದ ವೇಳಾಪಟ್ಟಿಯಿಂದಲೇ ತಿಳೀಬೇಕು.

ದನಿ ಗಟ್ಟಿ ಇದ್ದರೆ ಹತ್ತಿರ ಅಲ್ಲ

ಇದು ಕಿರುತರಂಗದ ಒಂದು ವಿಚಿತ್ರ. ಮಧ್ಯಮ ತರಂಗ ಹಗಲು ಹೊತ್ತು ನೆಲ ಹಿಡಿದು ಬರ್ತದೆ, ಆದ್ದರಿಂದ ಹತ್ತಿರದ ನಿಲಯ ಗಟ್ಟಿ, ದೂರದ್ದು ಸಣ್ಣ. ಕಿರುತರಂಗ ಹಾಗಲ್ಲ. ಅದು ಮೇಲೆ ಹೋಗಿ, ನೂರಾರು ಕಿಲೋಮೀಟರ್ ಎತ್ತರದ ಅಯಾನುಗಳ ಪದರಕ್ಕೆ ತಾಗಿ ಬಾಗಿ, ದೂರದಲ್ಲೆಲ್ಲೋ ನೆಲಕ್ಕೆ ಇಳೀತದೆ. ನೀರಿನ ಮೇಲೆ ಹಂಚಿನ ಬಿಲ್ಲೆ ಬೀಸಿ ಎಸೆದರೆ ಅದು ಹಾರಿ ಮುಂದೆ ಹೋಗಿ ಬೀಳ್ತದಲ್ಲ, ಹಾಗೆ. ಹಾರಿದ ಜಾಗದ ಕೆಳಗಿನವರಿಗೆ ಏನೂ ಸಿಗುವುದಿಲ್ಲ. ಪಣಜಿಯಲ್ಲಿ ಆಕಾಶವಾಣಿಯ ವಿದೇಶ ಪ್ರಸಾರಕ್ಕೆಂದು 250 ಕಿಲೋವ್ಯಾಟಿನ ದೊಡ್ಡ ಯಂತ್ರಗಳಿದ್ದವು. ಕೇಣಿಯಿಂದ ನೇರ ಲೆಕ್ಕ ಹಾಕಿದರೆ ಪಣಜಿ ನೂರು ಕಿಲೋಮೀಟರ್ ಚಿಲ್ಲರೆ. ಆದರೆ ಇಂಥ ಯಂತ್ರದ ದನಿ ಸಾವಿರಾರು ಕಿಲೋಮೀಟರ್ ದೂರದವರಿಗೆ ಚೆನ್ನಾಗಿ ಕೇಳಿ, ನಡುವೆ ಇರುವ ನಮ್ಮಂಥವರಿಗೆ ಸರಿಯಾಗಿ ಸಿಗದೆ ಹೋಗಬಹುದು. ಆದ್ದರಿಂದ ದನಿಯ ಬಲ ನೋಡಿ ದೇಶ ಊಹಿಸಬೇಡಿ.

ಹೆಸರೇ ಹೇಳದವರು, ಊರು ಮುಚ್ಚಿಟ್ಟವರು

ಕೆಲವು ಸದ್ದುಗಳಿಗೆ ಹೆಸರೇ ಇರುವುದಿಲ್ಲ. ಒಂದು ಕಾಲದಲ್ಲಿ ಕಿರುತರಂಗದಲ್ಲಿ ಚೀನೀ ಡೋಲು, ಜಾಗಟೆ, ಕೊಳಲಿನ ಗದ್ದಲದ ಸಂಗೀತ ಗಂಟೆಗಟ್ಟಲೆ ಬರ್ತಿತ್ತು. ನಡುವೆ ಒಂದು ಮಾತಿಲ್ಲ, ಹೆಸರಿಲ್ಲ, ಸಮಯ ಹೇಳುವುದಿಲ್ಲ. ಇದೊಂದು ಚೀನೀ ಸಂಗೀತದ ನಿಲಯ ಎಂದು ಅಂದುಕೊಳ್ಳುವುದು ಸಹಜ. ಆದರೆ ಅದು ನಿಲಯವೇ ಅಲ್ಲ. ಹೊರಗಿನಿಂದ ಚೀನೀ ಭಾಷೆಯಲ್ಲಿ ಬರುವ ಬೇರೆ ಪ್ರಸಾರಗಳು ಜನರಿಗೆ ಕೇಳಬಾರದೆಂದು ಅವುಗಳ ಮೇಲೆ ಹಾಕಿದ ಅಡ್ಡ ಸದ್ದು. ಕೇಳುಗರು ಅದಕ್ಕೆ 'ಫೈರ್‌ಡ್ರೇಕ್' ಎಂದು ಹೆಸರಿಟ್ಟಿದ್ದರು. ಗುರುತಿಸುವುದು ಹೇಗೆಂದರೆ, ಸಂಗೀತದ ಅಡಿಯಲ್ಲಿ ಕಿವಿ ಕೊಟ್ಟು ಕೇಳಿದರೆ ಇನ್ನೊಂದು ಮಾತಿನ ದನಿ ಮುಳುಗಿ ಏಳ್ತಾ ಇರಬಹುದು. ಅರ್ಧ ಗಂಟೆ ದಾಟಿದರೂ ಹೆಸರು ಬರದಿದ್ದರೆ ಅನುಮಾನ ಪಡಬೇಕು.

ಇನ್ನು ಕೆಲವರು ಹೆಸರು ಹೇಳಿ ಊರು ಮುಚ್ಚಿಡ್ತಾರೆ. ಇದಕ್ಕೆ ನಮ್ಮ ದೇಶದ್ದೇ ದೊಡ್ಡ ಉದಾಹರಣೆ ಇದೆ. 1930ರಲ್ಲಿ ಅಂಕೋಲೆಯವರು ಉಪ್ಪಿನ ಸತ್ಯಾಗ್ರಹ ಮಾಡಿದ್ದು ನಮಗೆ ಗೊತ್ತು. ಹನ್ನೆರಡು ವರ್ಷಗಳ ನಂತರ, 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಉಷಾ ಮೆಹ್ತಾ ಮತ್ತು ಅವರ ಸಂಗಡಿಗರು ಮುಂಬಯಿಯಲ್ಲಿ ಗುಟ್ಟಾಗಿ ಕಾಂಗ್ರೆಸ್ ರೇಡಿಯೋ ನಡೆಸಿದರು. ಅವರು ತಮ್ಮ ಹೆಸರು ಹೇಳ್ತಿದ್ದರು, 42.34 ಮೀಟರ್ ಎಂದು ತರಂಗವನ್ನೂ ಹೇಳ್ತಿದ್ದರು, ಊರು ಮಾತ್ರ 'ಭಾರತದ ಎಲ್ಲೋ ಒಂದು ಕಡೆಯಿಂದ' ಎಂದಷ್ಟೇ ಹೇಳ್ತಿದ್ದರು. ಯಂತ್ರವನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸ್ತಾ ಇದ್ದರು. ಪೊಲೀಸರು ದಿಕ್ಕು ಹಿಡಿಯುವ ಉಪಕರಣದ ವ್ಯಾನಿನಲ್ಲಿ ಊರು ಸುತ್ತಿ ಹುಡುಕಿದರು. ಕೊನೆಗೆ 1942ರ ನವೆಂಬರ್ 12ರಂದು ಹಿಡಿದರು. ಹತ್ತಿರದಲ್ಲಿದ್ದಾಗ ದಿಕ್ಕು ಹಿಡಿಯುವುದು ಸಾಧ್ಯ, ಯಾಕೆಂದರೆ ಅಲ್ಲಿ ತರಂಗ ನೆಲದ ಮೇಲೆ ನೇರ ಬರ್ತದೆ. ಆಕಾಶದಿಂದ ಬಾಗಿ ಇಳಿದ ತರಂಗಕ್ಕೆ ಮನೆಯ ಟ್ರಾನ್ಸಿಸ್ಟರ್ ತಿರುಗಿಸಿ ದಿಕ್ಕು ನೋಡಿದರೆ ಉತ್ತರ ನಂಬುವ ಹಾಗೆ ಇರುವುದಿಲ್ಲ.

ಈಗ ಏನು ಕೇಳ್ತದೆ?

ಮೇಲೆ ಹೇಳಿದ ಎಷ್ಟೋ ದನಿಗಳು ಈಗ ಕಿರುತರಂಗದಲ್ಲಿ ಇಲ್ಲ. ವಾಯ್ಸ್ ಆಫ್ ರಷ್ಯಾ 2014ರಲ್ಲಿ, ರೇಡಿಯೋ ಆಸ್ಟ್ರೇಲಿಯಾ 2017ರ ಜನವರಿ 31ರಂದು, ಬಿ.ಬಿ.ಸಿ. ಹಿಂದಿ 2020ರ ಜನವರಿ 31ರಂದು ಕಿರುತರಂಗವನ್ನು ಬಿಟ್ಟವು. ಚೀನಾದಂಥ ಕೆಲವರು ಅದರ ನಂತರವೂ ಉಳಿದುಕೊಂಡರು. ಹಳೇ ಗುರುತಿನ ರಾಗಗಳ ಧ್ವನಿಮುದ್ರಿಕೆ ಮೊಬೈಲಿನಲ್ಲಿ ಹುಡುಕಿದರೆ ಸಿಗ್ತದೆ. ಅದನ್ನು ಕೇಳಿ ಕಿವಿ ತಯಾರು ಮಾಡಿಕೊಂಡು, ಆಮೇಲೆ ಅಟ್ಟದ ಟ್ರಾನ್ಸಿಸ್ಟರಿಗೆ ಹೊಸ ಸೆಲ್ ಹಾಕಿ ರಾತ್ರಿ 7:25ಕ್ಕೆ ಕೂತುಕೊಳ್ಳಿ. ಚೀಟಿಯಲ್ಲಿ ಐದು ವಿಷಯ ಬರೆಯಿರಿ: ಸಮಯ, ಮೀಟರ್, ರಾಗದ ಏರಿಳಿತ, ಕೇಳಿದ ಹೆಸರು (ಕೇಳಿದ ಹಾಗೆಯೇ, ತಿದ್ದದೆ), ಭಾಷೆ. ದೇಶದ ಜಾಗವನ್ನು ಖಾಲಿ ಬಿಡಿ. ಕನಿಷ್ಠ ಎರಡು ಸುಳಿವು ಒಂದೇ ಕಡೆ ಕೈ ತೋರಿಸಿದ ಮೇಲೆ ಅದನ್ನು ತುಂಬಿ. ಒಂದೇ ಸುಳಿವು ಇದ್ದರೆ ಪೆನ್ಸಿಲಿನಲ್ಲಿ ಬರೆದು ಮುಂದೆ ಪ್ರಶ್ನೆ ಚಿಹ್ನೆ ಹಾಕಿ.

ನಿಮಗೊಂದು ಪ್ರಶ್ನೆ

ನಮ್ಮ ಗಡಿಯಾರದಲ್ಲಿ ಸಂಜೆ 7:30. ಕಿರುತರಂಗದಲ್ಲಿ ಬಂಗಾಳಿ ಭಾಷೆ ಕೇಳ್ತಾ ಇದೆ. ತನ್ನ ದೇಶದ ಜನರಿಗೆ ಸುದ್ದಿ ಓದುವವನು 'ಈಗ ಸಮಯ ಎಂಟು ಗಂಟೆ' ಎಂದ. ನಿಲಯ ಕೊಲ್ಕತ್ತದ್ದೋ, ಢಾಕಾದ್ದೋ? ಕಾರಣ ಸಹಿತ ಬರೆದು ಈ ಪತ್ರಿಕೆಯ ಕೆಳಗೆ ಕಟ್ಟಿದ ಡಬ್ಬಿಯಲ್ಲಿ ಹಾಕಿ. ಉತ್ತರ ಮುಂದಿನ ಸಂಚಿಕೆಯಲ್ಲಿ. ಸುಳಿವು ಇದೇ ಲೇಖನದಲ್ಲಿ ಇದೆ.